ಟ್ರಿಪ್ ನಿಂತ ಮೇಲೆ ಜುಮ್ ಎನ್ನಲು ಶುರುವಾದ ಗೀಸರ್: ಸೋಮವಾರಪೇಟೆ ಕಡೆಯ ಒಂದು ಮನೆಯ ಪ್ರಕರಣ

ಜುಲೈ ಮೂರನೇ ವಾರ, ರಾತ್ರಿ ಎಂಟರ ಹೊತ್ತಿಗೆ ಮೇಷ್ಟ್ರು ಫೋನ್ ಮಾಡಿದರು. ಏಳನೇ ಕ್ಲಾಸಿನಲ್ಲಿ ನನಗೆ ಗಣಿತ ಕಲಿಸಿದವರು. ಈಗ ರಿಟೈರ್ ಆಗಿ ಸೋಮವಾರಪೇಟೆ ಹತ್ತಿರ ಸ್ವಲ್ಪ ಕಾಫಿ ತೋಟ ನೋಡಿಕೊಂಡು ಹೆಂಡತಿ ಜೊತೆ ಇದ್ದಾರೆ. "ಗೀಸರ್ ಫ್ಯೂಸ್ ಹೋಗ್ತಾ ಇತ್ತಪ್ಪ, ನಾಲ್ಕು ದಿನದಿಂದ ಸರಿಯಾಗಿದೆ. ಆದ್ರೆ ಇವತ್ತು ಇವಳು ಗೀಸರ್ ಕೆಳಗಿನ ವಾಲ್ವ್ ಮುಟ್ಟಿದಾಗ ಕೈ ಜುಮ್ ಅಂತಂತೆ. ಬಿಡುವಾದಾಗ ಒಂದ್ಸಲ ಬಂದು ನೋಡು" ಎಂದರು.

ನಾನು ವೈರಿಂಗ್ ಕೆಲಸ ಮಾಡುವವನು. ಇಂಥ ಮಾತು ಕೇಳಿದರೆ ಬಿಡುವಿಗೆ ಕಾಯುವ ಹಾಗಿಲ್ಲ. "ಮೇಷ್ಟ್ರೇ, ಮೊದಲು ಬೋರ್ಡಿನಲ್ಲಿ ಗೀಸರ್ ಎಂಸಿಬಿ ಕೆಳಗೆ ಹಾಕಿ. ಆಮೇಲೆ ಒಣಗಿದ ಕೈಯಲ್ಲಿ, ಚಪ್ಪಲಿ ಹಾಕಿಕೊಂಡು ಪ್ಲಗ್ ಕಿತ್ತುಬಿಡಿ. ಬೆಳಿಗ್ಗೆ ನಾನು ಬರೋತನಕ ಗೀಸರನ್ನಾಗಲಿ ಅದರ ಪೈಪನ್ನಾಗಲಿ ಯಾರೂ ಮುಟ್ಟಬೇಡಿ" ಎಂದೆ. ಆ ರಾತ್ರಿ ಅವರು ಹಿತ್ತಿಲ ಒಲೆಯಲ್ಲಿ ಹಂಡೆ ನೀರು ಕಾಯಿಸಿಕೊಂಡರು. ಮಳೆಗೆ ಸೌದೆ ಒದ್ದೆಯಾಗಿ ಒಂದು ಗಂಟೆ ಹೊಗೆ ಕುಡಿದರಂತೆ.

ಬೆಳಿಗ್ಗೆ ಹೋದಾಗ ಮೊದಲು ಮಾಡಿದ್ದು ಸ್ಕ್ರೂಡ್ರೈವರ್ ತೆಗೆಯುವ ಕೆಲಸ ಅಲ್ಲ, ಕೂತು ಕಥೆ ಕೇಳುವ ಕೆಲಸ. ಗೀಸರ್ ವಿಷಯದಲ್ಲಿ ಯಾವಾಗ ಟ್ರಿಪ್ ಆಯ್ತು, ಹೇಗೆ ಆಯ್ತು ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಕಥೆ ಮೂರು ಹಂತದ್ದು. ಜೂನ್ ಕೊನೆಗೆ ಇಬ್ಬರೂ ಮೈಸೂರಿನ ಮಗಳ ಮನೆಗೆ ಹೋಗಿ ಹನ್ನೆರಡು ದಿನ ಇದ್ದು ಬಂದರು. ಬಂದ ದಿನ ಗೀಸರ್ ಹಾಕಿದ ತಕ್ಷಣ ಮೇನ್ ಬೋರ್ಡಿನಲ್ಲಿ ಟಪ್ ಎಂದು ಬಿತ್ತು. ಮೂರ್ನಾಲ್ಕು ಸಲ ಎತ್ತಿ ಹಾಕಿದ ಮೇಲೆ ನಿಂತಿತು, ನೀರೂ ಕಾಯಿತು. ಮಳೆಗಾಲ ಅಲ್ವಾ, ಥಂಡಿಗೆ ಆಗಿರಬೇಕು ಎಂದು ಸುಮ್ಮನಾದರು. ಎರಡನೇ ಹಂತ ಜುಲೈ ಎರಡನೇ ವಾರದ್ದು. ಈಗ ಹಾಕಿದ ತಕ್ಷಣ ಬೀಳುತ್ತಿರಲಿಲ್ಲ, ಹತ್ತು ನಿಮಿಷ ಆದ ಮೇಲೆ ಬೀಳುತ್ತಿತ್ತು. ಮೂರನೇ ಹಂತದಲ್ಲಿ ಪಕ್ಕದ ತೋಟದ ಹುಡುಗನೊಬ್ಬ ಬಂದು ಪ್ಲಗ್ ಬಿಚ್ಚಿ ದೊಡ್ಡ ಪಿನ್ನಿನ ಹಸಿರು ಅರ್ತ್ ವೈರನ್ನು ತೆಗೆದು, ಇನ್ಸುಲೇಶನ್ ಟೇಪ್ ಸುತ್ತಿ, ಮತ್ತೆ ಮುಚ್ಚಿದ. ಟ್ರಿಪ್ ನಿಂತೇ ಹೋಯಿತು. ನಾಲ್ಕು ದಿನ ಬಿಟ್ಟು ಅಮ್ಮನ, ಅಂದರೆ ಮೇಷ್ಟ್ರ ಹೆಂಡತಿಯ, ಕೈ ಜುಮ್ ಎಂದಿತು.

ಹುಡುಗ ಕೆಟ್ಟವನಲ್ಲ, ಸಹಾಯ ಮಾಡಲು ಬಂದವನು. ಈ ಉಪಾಯವನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ದೊಡ್ಡವರು ಮಾಡಿದ್ದನ್ನೂ ನೋಡಿದ್ದೇನೆ. ಅದಕ್ಕೇ ಇದನ್ನು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಮ್ಮ ಕಡೆ ಏನು ಬಿದ್ದರೂ "ಫ್ಯೂಸ್ ಹೋಯ್ತು" ಅನ್ನುತ್ತೇವೆ. ಆದರೆ ಏನು ಬಿತ್ತು ಅನ್ನುವುದು ಮುಖ್ಯ. ಮೇಷ್ಟ್ರ ಮನೆಯಲ್ಲಿ ಬಿದ್ದದ್ದು ಫ್ಯೂಸೂ ಅಲ್ಲ, ಗೀಸರಿನ ಎಂಸಿಬಿಯೂ ಅಲ್ಲ. ಟೆಸ್ಟ್ ಬಟನ್ ಇರುವ ಅಗಲದ ಸ್ವಿಚ್ಚು, ಅಂದರೆ ಆರ್‌ಸಿಸಿಬಿ. ಹಳಬರು ಇದನ್ನೇ ಇಎಲ್‌ಸಿಬಿ ಅನ್ನುತ್ತಾರೆ. ಫ್ಯೂಸ್ ಮತ್ತು ಎಂಸಿಬಿ ನೋಡುವುದು ಕರೆಂಟ್ ಜಾಸ್ತಿ ಹರಿಯುತ್ತಿದೆಯಾ ಅಂತ ಮಾತ್ರ. ವೈರ್ ಸುಡದ ಹಾಗೆ ಕಾಯುವುದು ಅವುಗಳ ಕೆಲಸ. ಆರ್‌ಸಿಸಿಬಿ ನೋಡುವುದು ಬೇರೆ ಲೆಕ್ಕ. ಫೇಸ್‌ನಲ್ಲಿ ಎಷ್ಟು ಕರೆಂಟ್ ಹೋಯಿತೋ ಅಷ್ಟೇ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ? ಬರದಿದ್ದರೆ ಉಳಿದದ್ದು ಬೇರೆ ಯಾವುದೋ ದಾರಿಯಲ್ಲಿ ನೆಲಕ್ಕೆ ಹೋಗುತ್ತಿದೆ ಎಂದೇ ಅರ್ಥ. ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿನದು. ವ್ಯತ್ಯಾಸ 15ಕ್ಕಿಂತ ಕಡಿಮೆ ಇದ್ದರೆ ಬೀಳಬಾರದು, 30 ಮುಟ್ಟಿದರೆ ಬೀಳಲೇಬೇಕು, ಹಾಗೆ ಅದನ್ನು ಮಾಡಿರುತ್ತಾರೆ.

ಈಗ ಮೇಷ್ಟ್ರ ಗೀಸರ್ ನೋಡಿ. 15 ಲೀಟರಿನದು, 2000 ವಾಟ್, ಏಳು ವರ್ಷ ಹಳೆಯದು. 230 ವೋಲ್ಟಿಗೆ ಅದು ಎಳೆಯುವುದು ಸುಮಾರು 8.7 ಆಂಪ್. ಅದರ ಜೊತೆ 40 ಮಿಲಿಆಂಪ್ ನೆಲಕ್ಕೆ ಸೋರಿದರೆ ಒಟ್ಟು 8.74 ಆಗುತ್ತದೆ. 16 ಆಂಪಿನ ಫ್ಯೂಸಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಮನುಷ್ಯನ ಮೈಯಲ್ಲಿ ಒಂದು ಮಿಲಿಆಂಪ್ ಹರಿದರೆ ಜುಮ್ ಎನ್ನುತ್ತದೆ, ಹತ್ತು ದಾಟಿದರೆ ಹಿಡಿದ ಕೈಯನ್ನು ಬಿಡಿಸಿಕೊಳ್ಳಲು ಕಷ್ಟ, ಮೂವತ್ತು ನಲವತ್ತು ಹರಿಯುತ್ತಲೇ ಇದ್ದರೆ ಉಸಿರಿಗೂ ಎದೆಗೂ ಅಪಾಯ. ತೋಟದ ಹಳೇ ಲೈನ್ ಮನೆಗಳಲ್ಲಿ, ಬರೀ ಪಿಂಗಾಣಿ ಫ್ಯೂಸ್ ಇರುವ ಕಡೆ ಗೀಸರ್ ಹಾಕಿಕೊಂಡವರು ದಯವಿಟ್ಟು ಈ ಎರಡು ಲೆಕ್ಕವನ್ನು ಅಕ್ಕಪಕ್ಕ ಇಟ್ಟು ನೋಡಿ.

ಇನ್ನು ತಪಾಸಣೆಗೆ ಬರುತ್ತೇನೆ. ಎಂಸಿಬಿ ಕೆಳಗೆ, ಪ್ಲಗ್ ಹೊರಗೆ. ಪ್ಲಗ್ ಬಿಚ್ಚಿ ಟೇಪ್ ಸುತ್ತಿದ ಹಸಿರು ವೈರನ್ನು ಮೊದಲು ದೊಡ್ಡ ಪಿನ್ನಿಗೆ ಸೇರಿಸಿದೆ. ಪ್ಲಗ್ ಹೊರಗೇ ಇತ್ತು, ಅಳತೆಗೆ ಈ ವೈರ್ ಬೇಕು. ಮಲ್ಟಿಮೀಟರನ್ನು ಎರಡು ಸಣ್ಣ ಪಿನ್ನುಗಳ ನಡುವೆ ಇಟ್ಟರೆ 26 ಓಮ್ ಚಿಲ್ಲರೆ ತೋರಿಸಿತು. 2000 ವಾಟಿನ ಎಲಿಮೆಂಟಿಗೆ ಇದು ಸರಿಯಾದ ಅಂಕಿ, ಅಂದರೆ ಒಳಗಿನ ಕಾಯಿಲ್ ತುಂಡಾಗಿಲ್ಲ. ನೀರು ಕಾಯುತ್ತಿದೆ, ಹಾಗಾಗಿ ಎಲಿಮೆಂಟ್ ಚೆನ್ನಾಗಿದೆ ಎಂದು ಜನ ಮೋಸ ಹೋಗುವುದು ಇಲ್ಲೇ. ಆಮೇಲೆ ಸಣ್ಣ ಪಿನ್ನಿಗೂ ದೊಡ್ಡ ಪಿನ್ನಿಗೂ ಇಟ್ಟೆ. ಅಲ್ಲಿ ಏನೂ ತೋರಿಸಬಾರದು, ಮೀಟರ್ ಓಪನ್ ಅನ್ನಬೇಕು. 6 ಕಿಲೋಓಮ್ ತೋರಿಸಿತು.

ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು, ಅಂಕಿ ಕೇಳಿದ ಕೂಡಲೇ ಬಾಯಲ್ಲೇ ಭಾಗಿಸಿದರು. "230 ಭಾಗಿಸು 6000. 38 ಮಿಲಿಆಂಪ್. ಅದಕ್ಕೇ ಬೀಳ್ತಿತ್ತು ಅಲ್ವಾ?" ಹೌದು, ಅಷ್ಟೇ ಲೆಕ್ಕ.

ಇಲ್ಲಿ ಕೆಲಸದವರಿಗೆ ಒಂದು ಎಚ್ಚರಿಕೆ. ಮಲ್ಟಿಮೀಟರ್ ಕೆಲವೇ ವೋಲ್ಟಿನಲ್ಲಿ ಅಳೆಯುತ್ತದೆ. ಅದು ಸೋರಿಕೆ ತೋರಿಸಿದರೆ ನಂಬಿ, ಏನೂ ತೋರಿಸದಿದ್ದರೆ ಎಲ್ಲ ಸರಿ ಎಂದು ನಂಬಬೇಡಿ. ಇನ್ಸುಲೇಶನ್ ಅಳೆಯುವ 500 ವೋಲ್ಟಿನ ಮೀಟರ್, ಅಂದರೆ ಮೆಗ್ಗರ್, ಹಾಕಿದರೆ ಮಾತ್ರ ನಿಜ ಗೊತ್ತಾಗುತ್ತದೆ. ಒಂದು ಮೆಗಾಓಮಿಗಿಂತ ಕೆಳಗೆ ಬಂದ ಗೀಸರನ್ನು ನಾನು ಮತ್ತೆ ಗೋಡೆಯಲ್ಲಿ ಚಾಲೂ ಮಾಡುವುದಿಲ್ಲ.

ಈಗ ಪ್ರಶ್ನೆ, ಈ 6 ಕಿಲೋಓಮಿನ ದಾರಿ ಎಲ್ಲಿದೆ ಅಂತ. ಗೋಡೆಗೆ ಉದ್ದಕ್ಕೆ ನಿಲ್ಲಿಸುವ ಗೀಸರಿನಲ್ಲಿ ಎಲಿಮೆಂಟ್ ತಳದಿಂದ ಮೇಲಕ್ಕೆ ಹೋಗಿರುತ್ತದೆ. ತಳದಲ್ಲಿ ಒಂದು ದುಂಡನೆ ಲೋಹದ ತಟ್ಟೆ, ಅದಕ್ಕೆ ಫ್ಲ್ಯಾಂಜ್ ಅನ್ನುತ್ತೇವೆ. ಅದಕ್ಕೂ ಟ್ಯಾಂಕಿಗೂ ನಡುವೆ ರಬ್ಬರ್ ಗ್ಯಾಸ್ಕೆಟ್, ಸುತ್ತ ಬೋಲ್ಟು. ನೀರು ಮೇಲೆ, ಕರೆಂಟಿನ ಟರ್ಮಿನಲ್ ಕೆಳಗೆ, ನಡುವೆ ಕಾಯುವುದು ಆ ಒಂದು ರಬ್ಬರು. ಗ್ಯಾಸ್ಕೆಟ್ ಸೋರಿದರೆ ಹನಿ ಎಲ್ಲಿಗೆ ಬರಬೇಕು? ನೇರ ಟರ್ಮಿನಲ್ ಮೇಲೆಯೇ.

ತಳದ ಮುಚ್ಚಳ ಬಿಚ್ಚಿದಾಗ ಕಂಡದ್ದೂ ಅದೇ. ಫ್ಲ್ಯಾಂಜಿನ ಒಂದು ಬದಿಯಲ್ಲಿ ತುಕ್ಕಿನ ಕಂದು ಗೆರೆ, ಅದರ ತುದಿಯಲ್ಲಿ ಒಂದು ಹನಿ ನೇತಾಡುತ್ತಿತ್ತು. ಫೇಸ್ ಟರ್ಮಿನಲ್ಲಿನ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಪಕ್ಕದ ಥರ್ಮೋಸ್ಟಾಟಿನ ಪ್ಲಾಸ್ಟಿಕ್ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಇತ್ತು. ಒದ್ದೆ ಮೇಲ್ಮೈಯಲ್ಲಿ ಕರೆಂಟ್ ಹರಿದು ಹರಿದು ಕರಿ ಕಟ್ಟಿದ ದಾರಿ ಅದು. ಈ ಗೆರೆ ಒಂದು ಸಲ ಬಂದರೆ ಒಣಗಿಸಿದರೂ ಹೋಗುವುದಿಲ್ಲ, ಆ ಭಾಗವನ್ನು ಬದಲಿಸಲೇಬೇಕು.

ಅಲ್ಲಿಗೇ ನಿಲ್ಲಿಸಿ ಗ್ಯಾಸ್ಕೆಟ್ ಮಾತ್ರ ಹಾಕಿ ಬರಬಹುದಿತ್ತು. ಆದರೆ ಮೈಸೂರಿಂದ ಬಂದ ದಿನದ ಆ ಮೊದಲ ಟ್ರಿಪ್ ನನ್ನ ತಲೆಯಲ್ಲಿತ್ತು. ಗ್ಯಾಸ್ಕೆಟ್ ಸೋರಿಕೆಗೆ ಅದು ಹೊಂದುವುದಿಲ್ಲ. ಹಾಗಾಗಿ ಥರ್ಮೋಸ್ಟಾಟ್ ಮತ್ತು ವೈರುಗಳನ್ನು ಎಲಿಮೆಂಟಿನಿಂದ ಬಿಡಿಸಿದೆ. ಟರ್ಮಿನಲ್ಲನ್ನು ಬಟ್ಟೆಯಲ್ಲಿ ಒರೆಸಿ, ಹೇರ್ ಡ್ರೈಯರ್ ಹಿಡಿದು ಹತ್ತು ನಿಮಿಷ ಒಣಗಿಸಿ, ಎಲಿಮೆಂಟ್ ಒಂದನ್ನೇ ಅಳೆದೆ. ಬರೀ ಹೊರಗಿನ ಒದ್ದೆಯೇ ಕಾರಣ ಆಗಿದ್ದರೆ ಅಳತೆ ಮೆಗಾಓಮುಗಳಿಗೆ ಏರಬೇಕಿತ್ತು. 40 ಕಿಲೋಓಮಿಗೆ ಬಂದು ನಿಂತುಬಿಟ್ಟಿತು. ಅಂದರೆ ದಾರಿ ಒಂದಲ್ಲ, ಎರಡು. ಒಂದು ಹೊರಗೆ, ಇನ್ನೊಂದು ಎಲಿಮೆಂಟಿನ ಹೊಟ್ಟೆಯೊಳಗೆ.

ಎಲಿಮೆಂಟ್ ಒಳಗೆ ಹೇಗಿರುತ್ತದೆ ಅಂದರೆ, ಮಧ್ಯದಲ್ಲಿ ನೈಕ್ರೋಮ್ ತಂತಿಯ ಸುರುಳಿ, ಅದರ ಹೊರಗೆ ಲೋಹದ ಕೊಳವೆ, ಎರಡರ ನಡುವೆ ಗಟ್ಟಿಯಾಗಿ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ. ಈ ಪುಡಿ ಬಿಸಿಯನ್ನು ದಾಟಲು ಬಿಡುತ್ತದೆ, ಕರೆಂಟನ್ನು ತಡೆಯುತ್ತದೆ. ಒಂದೇ ದೋಷ, ಇದು ತೇವ ಹೀರುತ್ತದೆ. ಅದಕ್ಕೇ ಕೊಳವೆಯ ತುದಿಗಳಲ್ಲಿ, ಟರ್ಮಿನಲ್ ಹೊರಬರುವ ಜಾಗದಲ್ಲಿ, ಒಂದು ಸೀಲ್ ಕೊಟ್ಟಿರುತ್ತಾರೆ. ಆ ಸೀಲ್ ಬಿರುಕು ಬಿಟ್ಟರೆ ಗಾಳಿಯ ತೇವವೇ ಸಾಕು. ನಮ್ಮ ಜೂನ್ ಜುಲೈ ಹೇಗಿರುತ್ತದೆ ಗೊತ್ತಲ್ಲ, ಬೀರುವಿನ ಬಟ್ಟೆಗೂ ಬೂಸ್ಟು ಬರುವ ಕಾಲ.

ಈಗ ಮೂರು ಹಂತವೂ ತಾಳೆಯಾಗುತ್ತದೆ. ಹನ್ನೆರಡು ದಿನ ಗೀಸರ್ ತಣ್ಣಗೆ ಕೂತಿದ್ದಾಗ ಪುಡಿ ತೇವ ಕುಡಿಯಿತು, ಹಾಕಿದ ತಕ್ಷಣ ಬಿತ್ತು. ಎತ್ತಿ ಎತ್ತಿ ಹಾಕಿದಾಗ ಅಷ್ಟಷ್ಟೇ ಬಿಸಿಯಾಗಿ ತೇವ ಆರಿತು, ನಿಂತಿತು. ಮುಚ್ಚಿಟ್ಟ ಮನೆ, ಹೋಮ್‌ಸ್ಟೇಯ ಖಾಲಿ ರೂಮು, ಇಂಥ ಕಡೆ ಮಳೆಗಾಲದಲ್ಲಿ ಗೀಸರ್ ಮೊದಲ ಸಲ ಹಾಕಿದಾಗ ಬಿದ್ದು ಆಮೇಲೆ ಸರಿಯಾದರೆ ಅದು ಸರಿಯಾದದ್ದಲ್ಲ, ತುದಿಯ ಸೀಲ್ ಹೋಗಿದೆ ಎಂಬ ಮೊದಲ ಸುದ್ದಿ. ಎರಡನೇ ಹಂತ ಉಲ್ಟಾ. ನೀರು ಕಾದಂತೆ ಹಿಗ್ಗುತ್ತದೆ, ಟ್ಯಾಂಕಿನ ಒಳಗೆ ಒತ್ತಡ ಏರುತ್ತದೆ, ಸೋತ ಗ್ಯಾಸ್ಕೆಟ್ ಆಗ ಹನಿ ಬಿಡುತ್ತದೆ, ಹನಿ ಟರ್ಮಿನಲ್ ತಲುಪಲು ಹತ್ತು ನಿಮಿಷ ಬೇಕು. ತಣ್ಣಗಿದ್ದಾಗ ತಕ್ಷಣ ಬಿದ್ದರೆ ಒಳಗಿನ ತೇವ, ಕಾದ ಮೇಲೆ ಬಿದ್ದರೆ ಹೊರಗಿನ ಹನಿಯೋ ಕೊಳವೆಯ ಬಿರುಕೋ. ಯಾವಾಗಲೂ ಹೀಗೇ ಅಂತಲ್ಲ, ಆದರೆ ನನಗೆ ಹುಡುಕಲು ದಾರಿ ತೋರಿಸುವುದು ಈ ವ್ಯತ್ಯಾಸವೇ.

ಟ್ಯಾಂಕ್ ಖಾಲಿ ಮಾಡಿ ಎಲಿಮೆಂಟ್ ಹೊರಗೆ ತೆಗೆದೆವು. ಕೊಳವೆಯ ಮೇಲೆ ಫ್ಲ್ಯಾಂಜಿನ ಹತ್ತಿರ ಸಾಸಿವೆ ಕಾಳಿಗಿಂತ ಸಣ್ಣ ಗುಳಿಗಳು. ಬಯಲುಸೀಮೆಯಲ್ಲಿ ಎಲಿಮೆಂಟ್ ಮೇಲೆ ಸುಣ್ಣ ದಪ್ಪವಾಗಿ ಕಟ್ಟಿ ಸುಟ್ಟು ಹೋಗುತ್ತದೆ. ಮೇಷ್ಟ್ರ ಬಾವಿ ನೀರು ಮೆದು, ಸ್ವಲ್ಪ ಹುಳಿ ಗುಣದ್ದು. ಸುಣ್ಣ ಕಟ್ಟುವುದಿಲ್ಲ, ಲೋಹ ತಿನ್ನುತ್ತದೆ. ಆನೋಡ್ ರಾಡ್ ಎಂದು ಮೆಗ್ನೀಷಿಯಂ ಕಡ್ಡಿಯೊಂದನ್ನು ಒಳಗೆ ಇಟ್ಟಿರುವುದು, ನೀರು ಟ್ಯಾಂಕಿನ ಬದಲು ಅದನ್ನು ತಿನ್ನಲಿ ಎಂದು. ಅದು ಪೂರ್ತಿ ಕರಗಿ ಮಧ್ಯದ ಕಬ್ಬಿಣದ ತಂತಿ ಮಾತ್ರ ಉಳಿದಿತ್ತು. ಏಳು ವರ್ಷದಲ್ಲಿ ಒಮ್ಮೆಯೂ ಬದಲಿಸಿರಲಿಲ್ಲ. ಗ್ಯಾಸ್ಕೆಟ್ ಚಪ್ಪಟೆಯಾಗಿ, ಮಡಚಿದರೆ ಮುರಿಯುವಷ್ಟು ಒಣಗಿತ್ತು.

ಎಲಿಮೆಂಟ್, ಗ್ಯಾಸ್ಕೆಟ್, ಥರ್ಮೋಸ್ಟಾಟ್, ಆನೋಡ್ ನಾಲ್ಕೂ ಹೊಸತು ತಂದೆ, ಆ ಮಾಡೆಲಿನದೇ. ಹಳೇ ಗ್ಯಾಸ್ಕೆಟಿಗೆ ಪೇಸ್ಟ್ ಬಳಿದು ಕೂರಿಸುವವರಿದ್ದಾರೆ, ಅದು ನಾಲ್ಕು ತಿಂಗಳ ಮಾತು. ಫ್ಲ್ಯಾಂಜ್ ಕೂರುವ ಅಂಚನ್ನು ತುಕ್ಕು ಇಲ್ಲದ ಹಾಗೆ ಉಜ್ಜಿ, ಬೋಲ್ಟುಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿದೆ. ಒಂದೇ ಬದಿ ಜೋರಾಗಿ ಬಿಗಿದರೆ ರಬ್ಬರ್ ಇನ್ನೊಂದು ಬದಿ ಬಾಯಿ ಬಿಡುತ್ತದೆ. ಆಮೇಲೆ ನೀರು ತುಂಬಿಸಿ, ಬಿಸಿ ನಲ್ಲಿಯಲ್ಲಿ ಗಾಳಿ ಹೋಗಿ ಸಲೀಸಾಗಿ ನೀರು ಬರುವವರೆಗೂ ಕಾದೆ. ನೀರಿಲ್ಲದೆ ಎಲಿಮೆಂಟಿಗೆ ಕರೆಂಟ್ ಕೊಟ್ಟರೆ ಹೊಸದೂ ಕೆಲವೇ ಹೊತ್ತಿನಲ್ಲಿ ಹೋಗುತ್ತದೆ. ಫ್ಲ್ಯಾಂಜಿನ ಕೆಳಗೆ ಟಿಶ್ಯೂ ಪೇಪರ್ ಒತ್ತಿ ಅರ್ಧ ಗಂಟೆ ಬಿಟ್ಟೆ, ಒಣಗೇ ಇತ್ತು. ಮೆಗ್ಗರಿನಲ್ಲಿ 200 ಮೆಗಾಓಮಿಗೂ ಮೇಲೆ ಬಂತು. ಮುಚ್ಚಳ ಹಾಕಿ, ಪೂರ್ತಿ ಕಾಯಿಸಿ, ಮತ್ತೆ ಪ್ಲಗ್ ಕಿತ್ತು ಮುಚ್ಚಳ ತೆಗೆದು ಇನ್ನೊಂದು ಸಲ ನೋಡಿದೆ. ತಣ್ಣಗಿದ್ದಾಗ ಸೋರದ್ದು ಬಿಸಿಯಲ್ಲಿ ಸೋರಬಹುದು, ಅದಕ್ಕೆ ಈ ಎರಡನೇ ನೋಟ.

ಅಮ್ಮ ಒಂದು ಪ್ರಶ್ನೆ ಕೇಳಿದರು. "ಗೀಸರ್ ಪಕ್ಕದ ಸಣ್ಣ ಪೈಪಿಂದ ಮೊದಲಿಂದಲೂ ಹನಿ ಬೀಳ್ತದೆ, ಅದೂ ಇದೇನಾ?" ಅಲ್ಲ. ತಣ್ಣೀರು ಒಳಹೋಗುವ ಕಡೆ ಇರುವ ಸೇಫ್ಟಿ ವಾಲ್ವ್ ನೀರು ಕಾಯುವಾಗ ಕೆಲವು ಹನಿ ಬಿಡುವುದು ಸಹಜ. ಅದನ್ನು ಮುಚ್ಚಬಾರದು. ತಳದ ಮುಚ್ಚಳದ ಅಂಚಿನಿಂದ, ವೈರ್ ಹೊರಬರುವ ತೂತಿನಿಂದ ಬೀಳುವ ಹನಿಗೆ ಹೆದರಬೇಕು. ಅಲ್ಲಿ ಒದ್ದೆ ಕಂಡರೆ ಟ್ರಿಪ್ ಆಗದಿದ್ದರೂ ಪ್ಲಗ್ ಕಿತ್ತು ಜನ ಕರೆಸಿ. ಮುಚ್ಚಳ ನೀವೇ ಬಿಚ್ಚಬೇಡಿ.

ಇನ್ನು ಆ ಹಸಿರು ವೈರಿನ ವಿಷಯ. ಇದನ್ನು ಮೇಷ್ಟ್ರಿಗೂ ಆ ಹುಡುಗನಿಗೂ ಒಟ್ಟಿಗೇ ಕೂರಿಸಿ ಹೇಳಿದೆ. ಅರ್ತ್ ವೈರ್ ಇದ್ದಾಗ ಸೋರಿದ 38 ಮಿಲಿಆಂಪ್ ಆ ವೈರಿನಲ್ಲಿ ಹೋಗಿ ಮಣ್ಣು ಸೇರುತ್ತಿತ್ತು. ಆರ್‌ಸಿಸಿಬಿ ಲೆಕ್ಕ ತಪ್ಪಿದ್ದು ನೋಡಿ ಬೀಳುತ್ತಿತ್ತು. ವೈರ್ ಕಿತ್ತಾಗ ಎಲಿಮೆಂಟ್ ಸೋರುವುದು ನಿಲ್ಲಲಿಲ್ಲ, ಹೋಗಲು ದಾರಿ ಇಲ್ಲವಾಯಿತು. ಅಲ್ಲಿಯ ಪೈಪು ಪ್ಲಾಸ್ಟಿಕ್. ಹಾಗಾಗಿ ಟ್ಯಾಂಕೂ, ಅದಕ್ಕೆ ಸೇರಿದ ಸ್ಟೀಲ್ ಹೋಸೂ, ವಾಲ್ವೂ ವೋಲ್ಟೇಜ್ ಹಿಡಿದುಕೊಂಡು ಕಾಯುತ್ತಾ ಕೂತವು. ಮುಟ್ಟಿದವರೇ ದಾರಿ. ಅಮ್ಮ ಆವತ್ತು ರಬ್ಬರ್ ಚಪ್ಪಲಿ ಹಾಕಿದ್ದರು, ಒಂದೆರಡು ಮಿಲಿಆಂಪ್ ಹರಿದಿರಬೇಕು, ಜುಮ್ ಎಂದು ಕೈ ಎಳೆದುಕೊಂಡರು. ಬರಿಗಾಲಲ್ಲಿ ಒದ್ದೆ ರೆಡ್ ಆಕ್ಸೈಡ್ ನೆಲದ ಮೇಲೆ ನಿಂತಿದ್ದರೆ? ಒದ್ದೆ ಮೈಗೆ ಸುಮಾರು 1500 ಓಮ್ ಹಿಡಿಯಿರಿ, ಎಲಿಮೆಂಟಿನ 6000 ಸೇರಿಸಿ, 230ನ್ನು 7500ರಿಂದ ಭಾಗಿಸಿ. ಮೇಷ್ಟ್ರು ಈ ಸಲ ಉತ್ತರ ಜೋರಾಗಿ ಹೇಳಲಿಲ್ಲ.

ಆರ್‌ಸಿಸಿಬಿ ಇತ್ತಲ್ಲ, ಅದು ಬೀಳುತ್ತಿರಲಿಲ್ಲವೇ ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಆರ್‌ಸಿಸಿಬಿ ಕೆಲಸ ಮಾಡಲು ಅರ್ತ್ ವೈರ್ ಬೇಕಿಲ್ಲ, ಬಹುಶಃ ಬೀಳುತ್ತಿತ್ತು. ಆದರೆ ಅರ್ತ್ ಇದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಅರ್ತ್ ಇಲ್ಲದಿದ್ದರೆ ಒಬ್ಬರ ಮೈ ಮೂಲಕ ಹರಿದ ಮೇಲೆಯೇ ಬೀಳಬೇಕು, ಅದೂ 30ರ ಆಸುಪಾಸಿಗೆ ಹೋದರೆ. 10ರಿಂದ 15ರ ನಡುವೆ ನಿಂತರೆ ಕೈಯೂ ಬಿಡುವುದಿಲ್ಲ, ಆರ್‌ಸಿಸಿಬಿಯೂ ಬೀಳುವುದಿಲ್ಲ. ಟೆಸ್ಟ್ ಬಟನ್ ಒತ್ತಿದಾಗ ಬಿದ್ದರೆ ಆರ್‌ಸಿಸಿಬಿ ಸರಿ ಇದೆ ಎಂದಷ್ಟೇ ಅರ್ಥ, ಅರ್ತ್ ಸರಿ ಇದೆ ಎಂದಲ್ಲ. ಅವರ ಮನೆಯಲ್ಲಿ ನಾಲ್ಕು ದಿನವೂ ಟೆಸ್ಟ್ ಬಟನ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

ಕೊನೆಗೆ ಹಿತ್ತಿಲ ಅರ್ತ್ ಗುಂಡಿ ನೋಡಿದೆ. ಕ್ಲ್ಯಾಂಪ್ ತುಕ್ಕು ಹಿಡಿದಿತ್ತು, ಬದಲಿಸಿದೆ. ಅಳೆದಾಗ 35 ಓಮ್. ಮಳೆಯಲ್ಲಿ ನೆನೆದ ಮಣ್ಣಿಗೂ ಇಷ್ಟು. ಈ ಅರ್ತಿನಲ್ಲಿ ಫೇಸ್ ನೇರ ಟ್ಯಾಂಕಿಗೆ ತಾಗಿದರೂ ಹರಿಯುವುದು ಆರೂವರೆ ಆಂಪ್ ಮಾತ್ರ, 16 ಆಂಪಿನ ಫ್ಯೂಸ್ ಜಪ್ಪಯ್ಯ ಅಂದರೂ ಹೋಗುವುದಿಲ್ಲ, ಟ್ಯಾಂಕ್ 230 ವೋಲ್ಟಿನ ಹತ್ತಿರವೇ ನಿಂತಿರುತ್ತದೆ. ಅದೇ 30 ಮಿಲಿಆಂಪಿನ ಆರ್‌ಸಿಸಿಬಿ ಜೊತೆಗಿದ್ದರೆ, ಸೋರಿಕೆ ನಿಧಾನವಾಗಿ ಏರುತ್ತಾ ಬಂದಾಗ ಅದು ಬೀಳುವ ಹೊತ್ತಿಗೆ ಟ್ಯಾಂಕಿನ ಮೇಲೆ ಏರಿರುವುದು ಒಂದು ವೋಲ್ಟ್ ಚಿಲ್ಲರೆ. ಎರಡೂ ಬೇಕು ಎಂದು ನಾನು ಹಟ ಹಿಡಿಯುವುದು ಈ ಲೆಕ್ಕಕ್ಕೆ.

ಮಳೆಗಾಲದ ಅಳತೆ ನಂಬಲಾಗದ್ದರಿಂದ ಮಾರ್ಚ್‌ನಲ್ಲಿ ಮತ್ತೆ ಹೋಗಿ ಅಳೆದೆ. ಮಣ್ಣು ಒಣಗಿ 90 ಓಮಿಗೆ ಏರಿತ್ತು. ಗೀಸರ್ ಮೆಗ್ಗರಿನಲ್ಲಿ ಹಾಗೇ ಇತ್ತು, ಫ್ಲ್ಯಾಂಜ್ ಒಣಗಿತ್ತು. ಬಚ್ಚಲಿನ ನೀರು ಹೋಗುವ ಕಡೆ, ಬೇಸಿಗೆಯಲ್ಲೂ ಮಣ್ಣು ಹಸಿ ಇರುವ ಜಾಗದಲ್ಲಿ ಇನ್ನೊಂದು ಅರ್ತ್ ಗುಂಡಿ ತೆಗೆದು ಹಳೆಯದಕ್ಕೆ ಸೇರಿಸಿದೆವು. ಗುಂಡಿ ತೋಡಿದ್ದು ಆ ಹುಡುಗನೇ.